ಸ್ಕ್ಯಾನರ್‌ಗೆ ಬಂದ ದುಡ್ಡು ಯಾವ ಆರ್ಡರ್‌ನದು? ಲೆಕ್ಕ ತಾಳೆಯಾಗದಾಗ ಹುಡುಕುವ ಕ್ರಮ

ಅಂಗಡಿ ಮುಚ್ಚುವ ಹೊತ್ತಿಗೆ ಬಿಲ್ ಪುಸ್ತಕದ ಮೊತ್ತ ಒಂದು, ಫೋನಿನ ವ್ಯಾಪಾರಿ ಆ್ಯಪ್ ತೋರಿಸುವ ಮೊತ್ತ ಇನ್ನೊಂದು, ಮರುದಿನ ಬ್ಯಾಂಕಿಗೆ ಬಿದ್ದ ಮೊತ್ತ ಮತ್ತೊಂದು. ಕೌಂಟರ್ ಮೇಲೆ ಒಂದೇ ಕ್ಯೂಆರ್ ಫಲಕ ಇಟ್ಟುಕೊಂಡು ದಿನಕ್ಕೆ ನಲವತ್ತು ಐವತ್ತು ಆರ್ಡರ್ ಮಾಡುವ ಅಂಗಡಿಯಲ್ಲಿ ಈ ದೋಷವನ್ನು ಹೇಗೆ ಹುಡುಕುವುದು ಎಂಬುದನ್ನು ಇಲ್ಲಿ ಬರೆದಿದೆ. ಉದಾಹರಣೆಗೆ ಒಂದು ಹೋಳಿಗೆ ಅಂಗಡಿಯ ಹಬ್ಬದ ದಿನದ ಲೆಕ್ಕವನ್ನು ತೆಗೆದುಕೊಂಡಿದೆ. ಬೇಕರಿ, ಕಾಂಡಿಮೆಂಟ್ಸ್, ಹೂವಿನ ಅಂಗಡಿ, ಟೈಲರ್ ಅಂಗಡಿಗಳಲ್ಲೂ ಹುಡುಕುವ ದಾರಿ ಇದೇ.

ದೋಷದ ಬೇರು: ಫಲಕಕ್ಕೆ ಆರ್ಡರ್ ಗೊತ್ತಿಲ್ಲ

ಕೌಂಟರ್ ಮೇಲಿನ ಫಲಕವನ್ನು ಸಾಮಾನ್ಯ ಕ್ಯೂಆರ್ ಓದುವ ಆ್ಯಪ್‌ನಲ್ಲಿ ತೆರೆದು ನೋಡಿದರೆ ಒಳಗೆ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ:

```
upi://pay?pa=angadi@bank&pn=Holige%20Angadi&cu=INR
```

`pa` ಎಂದರೆ ದುಡ್ಡು ಸೇರಬೇಕಾದ ಯುಪಿಐ ವಿಳಾಸ, `pn` ಅಂಗಡಿಯ ಹೆಸರು, `cu` ಕರೆನ್ಸಿ. ಮೊತ್ತ ಇಲ್ಲ, ಬಿಲ್ ನಂಬರ್ ಇಲ್ಲ. ಗ್ರಾಹಕರು ತಾವೇ ಮೊತ್ತ ಒತ್ತಿ ಕಳಿಸುತ್ತಾರೆ. ಹಾಗಾಗಿ ಅಂಗಡಿಗೆ ತಲುಪುವುದು ಮೊತ್ತ, ಸಮಯ, ಖಾತೆದಾರರ ಹೆಸರು ಮತ್ತು 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ ಮಾತ್ರ. ಈ ನಾಲ್ಕರಲ್ಲಿ ಯಾವುದೂ ನಿಮ್ಮ ಬಿಲ್ ಪುಸ್ತಕದಿಂದ ಹುಟ್ಟಿದ್ದಲ್ಲ. ಹೆಸರನ್ನಂತೂ ಪೂರ್ತಿ ನಂಬಬೇಡಿ. ಆರ್ಡರ್ ಹೇಳಿದವರು ಹೆಂಡತಿ, ದುಡ್ಡು ಹೋಗಿದ್ದು ಗಂಡನ ಖಾತೆಯಿಂದ ಎಂಬುದು ದಿನವೂ ನಡೆಯುವ ಮಾತು.

ಆದ್ದರಿಂದ ತಾಳೆ ಹಾಕುವ ಕೆಲಸ ಎರಡು ಬೇರೆ ಮೂಲದ ಪಟ್ಟಿಗಳನ್ನು ಮೊತ್ತ ಮತ್ತು ಸಮಯದ ಆಧಾರದ ಮೇಲೆ ಜೋಡಿಸುವ ಕೆಲಸ. ಬಿಲ್ ಮೇಲೆ ಸಮಯ ಬರೆಯದ ಅಂಗಡಿಗೆ ಕೈಯಲ್ಲಿ ಉಳಿಯುವುದು ಮೊತ್ತ ಒಂದೇ. ಅಲ್ಲಿ ದೋಷ ಎಲ್ಲಿದೆ ಎಂದು ಹೇಳಬಹುದೇ ಹೊರತು ಯಾರದ್ದು ಎಂದು ಹೇಳುವುದು ಬಹಳ ಸಲ ಆಗುವುದಿಲ್ಲ.

ಮೊದಲು: ಯಾವ ಎರಡು ಪಟ್ಟಿಗಳ ನಡುವೆ ಜಗಳ?

ಪಟ್ಟಿಗಳು ಮೂರು. ಮೊದಲನೆಯದು ನಿಮ್ಮ ಬಿಲ್ ಪುಸ್ತಕ. ಎರಡನೆಯದು ವ್ಯಾಪಾರಿ ಆ್ಯಪ್‌ನ ದಿನದ ವರದಿ. ಮೂರನೆಯದು ಬ್ಯಾಂಕ್ ಪಾಸ್‌ಬುಕ್. ಬಿಲ್ ಪುಸ್ತಕವನ್ನು ನೇರವಾಗಿ ಪಾಸ್‌ಬುಕ್ ಜೊತೆ ಹೋಲಿಸಲು ಹೋಗುವುದೇ ಬಹುತೇಕ ಅಂಗಡಿಗಳ ಮೊದಲ ತಪ್ಪು. ಬಿಲ್‌ನಿಂದ ವರದಿಗೆ ಬರುವಾಗ ಆಗುವ ದೋಷಗಳು ಬೇರೆ, ವರದಿಯಿಂದ ಬ್ಯಾಂಕಿಗೆ ಹೋಗುವಾಗ ಆಗುವವು ಬೇರೆ. ಎರಡನ್ನೂ ಕಲಸಿದರೆ ಒಂದರ ಹೆಚ್ಚು ಇನ್ನೊಂದರ ಕಡಿಮೆಯನ್ನು ಮುಚ್ಚಿಹಾಕುತ್ತದೆ. ಮೊದಲು ಬಿಲ್ ಮತ್ತು ವರದಿ ತಾಳೆಯಾಗಲಿ, ಆಮೇಲೆ ವರದಿ ಮತ್ತು ಬ್ಯಾಂಕ್.

ಅದಕ್ಕೂ ಮುಂಚೆ ಒಂದು ಸಣ್ಣ ಪರೀಕ್ಷೆ. ಅಂಗಡಿಯಲ್ಲಿ ಅಂಟಿಸಿರುವ ಪ್ರತಿ ಫಲಕವನ್ನೂ ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿ, ಕಾಣುವ ಹೆಸರು ಮತ್ತು ಯುಪಿಐ ವಿಳಾಸವನ್ನು ಬರೆದುಕೊಳ್ಳಿ. ಬ್ಯಾಂಕಿನವರು ಕೊಟ್ಟದ್ದೊಂದು, ಪಾವತಿ ಕಂಪನಿಯವರು ಕೊಟ್ಟದ್ದೊಂದು, ಮಾಲೀಕರ ಸ್ವಂತ ಖಾತೆಯದ್ದೊಂದು ಎಂದು ಮೂರು ಫಲಕ ಅಕ್ಕಪಕ್ಕ ಇರುವ ಕೌಂಟರ್‌ಗಳಿಗೆ ಕೊರತೆಯಿಲ್ಲ. ವಿಳಾಸ ಬೇರೆಯಾದರೆ ವರದಿಯೂ ಬೇರೆ, ಸೌಂಡ್‌ಬಾಕ್ಸ್ ಕೂಗುವುದೂ ತನ್ನ ವಿಳಾಸಕ್ಕೆ ಬಂದ ದುಡ್ಡನ್ನು ಮಾತ್ರ. ನಿಮ್ಮದಲ್ಲದ ವಿಳಾಸ ಕಂಡರೆ ಯಾರೋ ಮೇಲೆ ಬೇರೆ ಸ್ಟಿಕರ್ ಅಂಟಿಸಿದ್ದಾರೆ ಎಂದರ್ಥ. ಆ ಫಲಕವನ್ನು ತಕ್ಷಣ ಕಿತ್ತು ಇಟ್ಟುಕೊಂಡು ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ.

ಸ್ವಂತ ಖಾತೆಯ ಫಲಕವನ್ನು ಅಂಗಡಿಯಿಂದ ತೆಗೆಯಲು ಇನ್ನೂ ಒಂದು ಕಾರಣವಿದೆ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ಇದರಲ್ಲಿ ವ್ಯಾಪಾರದ್ದು ಎಷ್ಟು, ಅಣ್ಣ ತಮ್ಮಂದಿರು ಕಳಿಸಿದ್ದು, ಕೈಸಾಲ ವಾಪಸ್ ಬಂದದ್ದು ಎಷ್ಟು ಎಂದು ಬಿಡಿಸಿ ತೋರಿಸಬೇಕಾಗಿ ಬಂತು. ಪ್ರತಿ ಜಮೆಗೂ ಬಿಲ್ ನಂಬರ್ ಅಂಟಿರುವ ಪುಸ್ತಕವಿದ್ದರೆ ಆ ಕೆಲಸ ಅರ್ಧ ಮುಗಿದಂತೆ.

ಪಟ್ಟಿಗಳನ್ನು ಹದಕ್ಕೆ ತರುವುದು

ವರದಿಯನ್ನು ಆ್ಯಪ್‌ನಿಂದ ಇಳಿಸಿಕೊಂಡು ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ. ಎರಡು ಹಾಳೆ ಸಾಕು. `Orders` ಹಾಳೆಯಲ್ಲಿ ಎ ಕಾಲಂಗೆ ಬಿಲ್ ನಂಬರ್, ಬಿ ಕಾಲಂಗೆ ದಿನಾಂಕದ ಜೊತೆ ಸಮಯ, ಸಿ ಕಾಲಂಗೆ ಮೊತ್ತ. `Payments` ಹಾಳೆಯಲ್ಲಿ ಎ ಕಾಲಂಗೆ 12 ಅಂಕಿಯ ಸಂಖ್ಯೆ, ಬಿ ಮತ್ತು ಸಿ ಮೊದಲಿನಂತೆಯೇ, ಡಿ ಕಾಲಂಗೆ ಹೆಸರು.

ದುಡ್ಡಿನಲ್ಲಿ ದೋಷವಿಲ್ಲದಿದ್ದರೂ ಹಾಳೆಯಲ್ಲಿ ದೋಷ ಕಾಣುವ ಜಾಗಗಳು ಇಲ್ಲಿವೆ. 12 ಅಂಕಿಯ ಸಂಖ್ಯೆಯನ್ನು ಎಕ್ಸೆಲ್ `5.12346E+11` ಎಂದು ಕುಗ್ಗಿಸಿ ತೋರಿಸುತ್ತದೆ. ಅಷ್ಟರಲ್ಲಿ ಹಾನಿಯೇನೂ ಆಗಿರುವುದಿಲ್ಲ, ಕಾಲಂ ಅನ್ನು ದಶಮಾಂಶವಿಲ್ಲದ ಸಂಖ್ಯೆಯಾಗಿ ಬದಲಿಸಿದರೆ ಪೂರ್ತಿ ಅಂಕಿ ಮರಳಿ ಬರುತ್ತದೆ. ಆದರೆ ಕುಗ್ಗಿದ ರೂಪದಲ್ಲೇ ಸಿಎಸ್‌ವಿ ಕಡತವಾಗಿ ಉಳಿಸಿದರೆ ಕೊನೆಯ ಅಂಕಿಗಳು ಶಾಶ್ವತವಾಗಿ ಹೋಗುತ್ತವೆ. ಆ್ಯಪ್‌ನಿಂದ ಇಳಿಸಿದ ಮೂಲ ಕಡತವನ್ನು ಮುಟ್ಟದೆ ಬೇರೆ ಪ್ರತಿಯಲ್ಲಿ ಕೆಲಸ ಮಾಡುವುದಕ್ಕೆ ಇದೊಂದೇ ಕಾರಣ ಸಾಕು.

ಇನ್ನೊಂದು ದಿನಾಂಕದ್ದು. ಕಂಪ್ಯೂಟರ್ ಅಮೆರಿಕದ ಕ್ರಮಕ್ಕೆ ಹೊಂದಿಸಿದ್ದರೆ 05/04 ಎಂಬ ಏಪ್ರಿಲ್ 5 ಸದ್ದಿಲ್ಲದೆ ಮೇ 4 ಆಗುತ್ತದೆ, 19/03 ಮಾತ್ರ ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ತಿಂಗಳ ಮೊದಲ ಹನ್ನೆರಡು ದಿನ ಒಂದು ರೀತಿ, ಆಮೇಲೆ ಇನ್ನೊಂದು ರೀತಿ ತಪ್ಪು ಬರುತ್ತಿದ್ದರೆ ಇದೇ ಕಾರಣ. ಮೊತ್ತದಲ್ಲಿ ರೂಪಾಯಿ ಚಿಹ್ನೆ ಅಥವಾ ಹಿಂದೊಂದು ಖಾಲಿ ಜಾಗ ಅಂಟಿಕೊಂಡಿದ್ದರೂ ಅದು ಸಂಖ್ಯೆಯಾಗಿ ಎಣಿಕೆಗೆ ಬರುವುದಿಲ್ಲ. ಪರೀಕ್ಷೆ ಸುಲಭ. ಕೆಳಗಿನ ಸೂತ್ರಗಳು ಪ್ರತಿ ಸಾಲಿಗೂ `TRUE` ಎನ್ನಬೇಕು. `FALSE` ಬಂದ ಸಾಲನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

```
=ISNUMBER(B2)
=ISNUMBER(C2)
```

ವರದಿಯಲ್ಲಿ ವಿಫಲವಾದ ಮತ್ತು ಬಾಕಿ ಇರುವ ಸಾಲುಗಳೂ ಬಂದಿದ್ದರೆ ಅವುಗಳನ್ನು ಬೇರೆ ಹಾಳೆಗೆ ಎತ್ತಿಡಿ. ಅಳಿಸಬೇಡಿ, ಮುಂದೆ ಬೇಕಾಗುತ್ತವೆ.

ಮೊತ್ತವಾರು ಎಣಿಕೆ

ಈಗ ಹೋಳಿಗೆ ಅಂಗಡಿಯ ಲೆಕ್ಕ ನೋಡೋಣ. ಒಂದು ಹೋಳಿಗೆಗೆ ₹25. ಹಬ್ಬದ ದಿನ ಯುಪಿಐ ಎಂದು ಗುರುತು ಹಾಕಿದ ಬಿಲ್ 46, ಒಟ್ಟು ₹21,350. ಆ್ಯಪ್ ವರದಿಯಲ್ಲಿ ಯಶಸ್ವಿಯಾದ ಪಾವತಿ 46, ಒಟ್ಟು ₹20,950. ₹400 ಕಡಿಮೆ.

ಎಣಿಕೆ ಎರಡೂ ಕಡೆ 46 ಎಂದು ನೋಡಿದ ಕೂಡಲೇ "ಎಲ್ಲರೂ ಕೊಟ್ಟಿದ್ದಾರೆ, ಯಾರೋ ಒಬ್ಬರು ₹400 ಕಡಿಮೆ ಒತ್ತಿದ್ದಾರೆ" ಎನಿಸುತ್ತದೆ. ಆ ಒಬ್ಬರನ್ನು ಹುಡುಕುತ್ತಾ ರಾತ್ರಿ ಕಳೆಯುತ್ತದೆ, ಅಂಥವರು ಸಿಗುವುದಿಲ್ಲ. ಒಟ್ಟು ಎಣಿಕೆಯಾಗಲಿ ಒಟ್ಟು ಮೊತ್ತವಾಗಲಿ ಇಲ್ಲಿ ಏನನ್ನೂ ಹೇಳಲಾರದು. ಹೇಳುವುದು ಮೊತ್ತವಾರು ಎಣಿಕೆ.

ಮೂರನೆಯ ಹಾಳೆ ತೆರೆದು, ಆ ದಿನ ಎರಡೂ ಪಟ್ಟಿಗಳಲ್ಲಿ ಬಂದ ಬೇರೆ ಬೇರೆ ಮೊತ್ತಗಳನ್ನು ಎ ಕಾಲಂನಲ್ಲಿ ಒಂದೊಂದು ಸಲ ಬರೆಯಿರಿ. ಪಕ್ಕದ ಎರಡು ಕಾಲಂಗಳಿಗೆ ಈ ಸೂತ್ರಗಳನ್ನು ಹಾಕಿ:

```
=COUNTIF(Orders!C:C,A2)
=COUNTIF(Payments!C:C,A2)
```

ಹೋಳಿಗೆ ಅಂಗಡಿಯಲ್ಲಿ ₹250ರ ಬಿಲ್ ಒಂಬತ್ತು, ಪಾವತಿಯೂ ಒಂಬತ್ತು. ಇಪ್ಪತ್ತು ಮೊತ್ತಗಳು ಎರಡೂ ಕಡೆ ಒಂದೊಂದೇ ಸಲ ಬಂದಿವೆ. ಇವುಗಳ ಕಡೆ ಮತ್ತೆ ತಿರುಗಿ ನೋಡುವ ಅಗತ್ಯವಿಲ್ಲ. ಹೊಂದದೆ ಉಳಿದವು ನಾಲ್ಕೇ ಮೊತ್ತ:

| ಮೊತ್ತ | ಬಿಲ್ | ಪಾವತಿ |
|---|---|---|
| ₹500 | 7 | 6 |
| ₹350 | 1 | 0 |
| ₹300 | 4 | 5 |
| ₹150 | 5 | 6 |

ನಲವತ್ತಾರು ಸಾಲುಗಳ ಗೊಂದಲ ನಾಲ್ಕು ಮೊತ್ತಕ್ಕೆ ಇಳಿಯಿತು. ₹250ರ ಒಂಬತ್ತು ಜನರಲ್ಲಿ ಯಾವ ಪಾವತಿ ಯಾರದ್ದು ಎಂದು ಬಿಡಿಸಲು ಕೂರುವುದು ವ್ಯರ್ಥ ಶ್ರಮ. ಒಂಬತ್ತೂ ಕೌಂಟರ್ ಬಿಲ್‌ಗಳಾಗಿದ್ದು ಒಂಬತ್ತೂ ಪಾವತಿ ಬಂದಿದ್ದರೆ ಒಬ್ಬರದನ್ನು ಇನ್ನೊಬ್ಬರ ಎದುರು ಬರೆದರೂ ಯಾರಿಗೂ ನಷ್ಟವಿಲ್ಲ. ಅವರಲ್ಲಿ ಯಾರಿಗಾದರೂ ದುಡ್ಡು ವಾಪಸ್ ಕೊಡಬೇಕಾಗಿ ಬಂದರೆ ಆ ಒಂದನ್ನು ಆಗ ಬಿಡಿಸಿದರೆ ಸಾಕು.

ಸಮಯದ ಕಿಟಕಿ

ಹೊಂದದ ನಾಲ್ಕು ಮೊತ್ತಗಳಿಗೆ ಈಗ ಸಮಯ ಬೇಕು. ಅದಕ್ಕೂ ಮೊದಲು ಎರಡು ಗಡಿಯಾರಗಳ ಅಂತರವನ್ನು ಅಳೆಯಿರಿ. ಬಿಲ್ಲಿಂಗ್ ಯಂತ್ರದ ಗಡಿಯಾರ ಐದೋ ಏಳೋ ನಿಮಿಷ ಹಿಂದೆ ಮುಂದೆ ಇರುವುದು ಸಾಮಾನ್ಯ. ಒಂದೊಂದೇ ಸಲ ಬಂದ ಆ ಇಪ್ಪತ್ತು ಮೊತ್ತಗಳಲ್ಲಿ ಯಾರದ್ದು ಯಾವುದು ಎಂಬ ಸಂಶಯವಿಲ್ಲವಲ್ಲ, ಅವುಗಳಲ್ಲಿ ಕೌಂಟರ್ ಆರ್ಡರ್‌ಗಳನ್ನು ಆರಿಸಿ ಬಿಲ್ ಸಮಯಕ್ಕೂ ಪಾವತಿ ಸಮಯಕ್ಕೂ ಎಷ್ಟು ಅಂತರ ಎಂದು ನೋಡಿ. ಹೆಚ್ಚಿನವು ಒಂದರಿಂದ ಮೂರು ನಿಮಿಷದೊಳಗಿದ್ದರೆ ಗಡಿಯಾರ ಸರಿಯಿದೆ. ಎಲ್ಲವೂ ಒಂದೇ ದಿಕ್ಕಿಗೆ ಏಳೆಂಟು ನಿಮಿಷ ಸರಿದಿದ್ದರೆ ಅದು ಯಂತ್ರದ ತಪ್ಪು. ಅಷ್ಟು ನಿಮಿಷಗಳನ್ನು ಬಿಲ್ ಸಮಯಕ್ಕೆ ಕೂಡಿಸಿ ಅಥವಾ ಕಳೆದು, ಆಮೇಲೆ ಹೋಲಿಸಿ.

`Orders` ಹಾಳೆಯ ಪ್ರತಿ ಸಾಲಿಗೆ, ಬಿಲ್‌ಗೆ 5 ನಿಮಿಷ ಮೊದಲಿನಿಂದ 15 ನಿಮಿಷದ ನಂತರದವರೆಗೆ ಅದೇ ಮೊತ್ತದ ಎಷ್ಟು ಪಾವತಿಗಳಿವೆ ಎಂದು ಎಣಿಸುವ ಸೂತ್ರ:

```
=COUNTIFS(Payments!C:C,C2,
 Payments!B:B,">="&(B2-TIME(0,5,0)),
 Payments!B:B,"<="&(B2+TIME(0,15,0)))
```

0 ಬಂದರೆ ಆ ಬಿಲ್‌ಗೆ ಹತ್ತಿರದಲ್ಲಿ ಪಾವತಿಯೇ ಇಲ್ಲ. 1 ಬಂದರೆ ಜೋಡಿ ಸಿಕ್ಕಿರಬಹುದು, ಆದರೆ ಅದೇ ಪಾವತಿಯನ್ನು ಪಕ್ಕದ ಇನ್ನೊಂದು ಬಿಲ್ ಕೂಡ ತನ್ನದೆನ್ನುತ್ತಿರಬಹುದು. ಅದಕ್ಕೇ ಇದೇ ಸೂತ್ರವನ್ನು ತಿರುಗಿಸಿ `Payments` ಹಾಳೆಯಲ್ಲೂ ಹಾಕಬೇಕು. ಅಲ್ಲಿ ಹುಡುಕುವುದು ಪಾವತಿಗಿಂತ 15 ನಿಮಿಷ ಮೊದಲಿನಿಂದ 5 ನಿಮಿಷ ನಂತರದವರೆಗಿನ ಬಿಲ್‌ಗಳನ್ನು. ಎರಡೂ ಕಡೆ 1 ಬಂದ ಜೋಡಿ ಗಟ್ಟಿ. 2 ಅಥವಾ ಹೆಚ್ಚು ಬಂದರೆ ಹೆಸರು ನೋಡಿ ಕಣ್ಣಿನಿಂದಲೇ ಬಿಡಿಸಬೇಕು.

ಫೋನ್ ಮತ್ತು ವಾಟ್ಸ್‌ಆ್ಯಪ್ ಆರ್ಡರ್‌ಗಳಿಗೆ ಈ ಕಿಟಕಿ ಕೆಲಸ ಮಾಡದು. ಬೆಳಿಗ್ಗೆ ಹೇಳಿ ಸಂಜೆ ದುಡ್ಡು ಹಾಕುವವರಿದ್ದಾರೆ, ಹಿಂದಿನ ದಿನವೇ ಮುಂಗಡ ಹಾಕಿದವರೂ ಇದ್ದಾರೆ. ಅವುಗಳನ್ನು ಬಿಲ್ ಪುಸ್ತಕದಲ್ಲೇ ಬೇರೆ ಗುರುತು ಹಾಕಿ, ಕೌಂಟರ್ ಬಿಲ್‌ಗಳೆಲ್ಲ ಮುಗಿದ ಮೇಲೆ ಉಳಿದ ಪಾವತಿಗಳ ಎದುರು ಹೆಸರು ಮತ್ತು ಮೊತ್ತ ನೋಡಿ ಜೋಡಿಸಿ.

ನಾಲ್ಕು ಮೊತ್ತ, ಮೂರು ದೋಷ

₹350ರ ಬಿಲ್ ಬೆಳಿಗ್ಗೆ 10:52ರದ್ದು, ಪಾವತಿ ಇಲ್ಲ. ₹300ರ ಐದು ಪಾವತಿಗಳಲ್ಲಿ ನಾಲ್ಕಕ್ಕೆ ಅವುಗಳ ಬಿಲ್ ಪಕ್ಕದಲ್ಲೇ ಸಿಕ್ಕಿತು. ಐದನೆಯದು 10:54ರದ್ದು, ಅದರ ಆಸುಪಾಸು ₹300ರ ಬಿಲ್ ಇಲ್ಲ. ಹದಿನಾಲ್ಕು ಹೋಳಿಗೆ ಒಯ್ದವರು ಹನ್ನೆರಡರ ದುಡ್ಡು ಒತ್ತಿದ್ದಾರೆ, ₹50 ಕಡಿಮೆ. ಸೌಂಡ್‌ಬಾಕ್ಸ್ "ಮುನ್ನೂರು ರೂಪಾಯಿ" ಎಂದು ಸರಿಯಾಗಿಯೇ ಕೂಗಿರುತ್ತದೆ. ಹಬ್ಬದ ಗದ್ದಲದಲ್ಲಿ ಕೌಂಟರ್‌ನವರಿಗೆ ದುಡ್ಡು ಬಂತು ಎಂಬುದಷ್ಟೇ ಕೇಳಿಸಿತು, ಎಷ್ಟು ಎಂಬುದು ಕೇಳಿಸಲಿಲ್ಲ.

₹150ರ ಆರು ಪಾವತಿಗಳಲ್ಲಿ ಎರಡು 12:17 ಮತ್ತು 12:19ರವು, ಎರಡಕ್ಕೂ ಒಂದೇ ಹೆಸರು. ಬಿಲ್ ಒಂದೇ, 12:15ರದ್ದು. ಮೊದಲ ಸಲ ನೆಟ್‌ವರ್ಕ್ ನಿಧಾನವಾಗಿ ಚಕ್ರ ತಿರುಗುತ್ತಲೇ ಇದ್ದುದರಿಂದ ಮತ್ತೆ ಸ್ಕ್ಯಾನ್ ಮಾಡಿದ್ದಾರೆ, ಎರಡೂ ದಾಟಿವೆ. ಇದು ಗ್ರಾಹಕರ ದುಡ್ಡು, ವಾಪಸ್ ಹೋಗಬೇಕು. ವ್ಯಾಪಾರಿ ಆ್ಯಪ್‌ನಲ್ಲಿ ಆ ಪಾವತಿಯನ್ನೇ ತೆರೆದು ಮರುಪಾವತಿ ಮಾಡುವ ಸೌಲಭ್ಯವಿದ್ದರೆ ಅದನ್ನೇ ಬಳಸಿ. ಮಾಲೀಕರ ಸ್ವಂತ ಖಾತೆಯಿಂದ ₹150 ಕಳಿಸಿದರೆ ಗ್ರಾಹಕರಿಗೇನೋ ಸಮಾಧಾನವಾಗುತ್ತದೆ, ಅಂಗಡಿಯ ವರದಿಯಲ್ಲಿ ಮಾತ್ರ ಆ ₹150 ವ್ಯಾಪಾರವಾಗಿಯೇ ಉಳಿದುಬಿಡುತ್ತದೆ.

ಉಳಿದದ್ದು ₹500. ಏಳು ಬಿಲ್‌ಗಳಲ್ಲಿ ಆರಕ್ಕೆ ಜೋಡಿ ಸಿಕ್ಕಿತು, ಮಧ್ಯಾಹ್ನ 1:35ರ ಬಿಲ್‌ಗೆ ಸೂತ್ರ 1 ಎಂದರೂ ಅದರದೇ ಪಾವತಿ ಸಿಗಲಿಲ್ಲ. ಮೊದಲು ಇತರ ಫಲಕಗಳ ವರದಿ ನೋಡಬೇಕು, ಆಮೇಲೆ ಎತ್ತಿಟ್ಟ ವಿಫಲ ಮತ್ತು ಬಾಕಿ ಸಾಲುಗಳನ್ನು. ಎಲ್ಲೂ ಇಲ್ಲ. ಸೂತ್ರ ಎಣಿಸಿದ್ದು 1:33ಕ್ಕೆ ಬಂದ ಬೇರೊಬ್ಬರ ₹500, ಅದಕ್ಕೆ ಅದರದೇ ಬಿಲ್ ಇದೆ. ಒಬ್ಬರ ಐನೂರನ್ನು ಸೌಂಡ್‌ಬಾಕ್ಸ್ ಕೊಂಚ ತಡವಾಗಿ ಕೂಗಿದೆ. ಸಾಲಿನಲ್ಲಿ ಅವರ ಹಿಂದಿದ್ದವರೂ ಇಪ್ಪತ್ತು ಹೋಳಿಗೆ ತೆಗೆದುಕೊಂಡಿದ್ದರಿಂದ ಆ ಕೂಗನ್ನು ಅವರದ್ದೆಂದು ತಿಳಿದು ಪೊಟ್ಟಣ ಕೊಟ್ಟಿದ್ದಾರೆ. ಒಂದೇ ಮೊತ್ತದ ಇಬ್ಬರು ಒಬ್ಬರ ಹಿಂದೊಬ್ಬರು ನಿಂತಾಗ ಕಿವಿಯನ್ನು ನಂಬಬಾರದು, ಆ್ಯಪ್ ತೆರೆದು ಎರಡು ಸಾಲು ಇವೆಯೇ ಎಂದು ನೋಡಬೇಕು.

ಮೂರನ್ನೂ ಕೂಡಿಸಿ ನೋಡಿ. ₹500 ಬಂದಿಲ್ಲ, ₹50 ಕಡಿಮೆ ಬಂದಿದೆ, ₹150 ಹೆಚ್ಚು ಬಂದಿದೆ. ನಿವ್ವಳ ₹400 ಕಡಿಮೆ. ಬಾರದ ಒಂದು ಪಾವತಿಯನ್ನು ಎರಡು ಸಲ ಬಂದ ಒಂದು ಪಾವತಿ ಸರಿದೂಗಿಸಿದ್ದರಿಂದ ಎಣಿಕೆ 46ರಲ್ಲೇ ನಿಂತಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇದೇ ನಾಲ್ಕು ಸಾಲುಗಳನ್ನು ಇನ್ನೊಂದು ರೀತಿಯಲ್ಲೂ ಹೊಂದಿಸಬಹುದು. ₹500ರ ಆರ್ಡರ್‌ನವರು ₹300 ಮತ್ತು ₹150 ಎಂದು ಎರಡು ಕಂತಿನಲ್ಲಿ ಕೊಟ್ಟಿದ್ದಾರೆ, ₹50 ಬಾಕಿ. ₹350ರವರು ಕೊಟ್ಟೇ ಇಲ್ಲ. ಇದರ ನಿವ್ವಳವೂ ಸರಿಯಾಗಿ ₹400! ಮೊತ್ತಗಳೆಲ್ಲ 25ರ ಗುಣಕಗಳಾದ ಅಂಗಡಿಯಲ್ಲಿ ಇಂಥ ಸುಳ್ಳು ಜೋಡಿಗಳು ಸುಲಭವಾಗಿ ಹುಟ್ಟುತ್ತವೆ. ಇದು ಸುಳ್ಳೆಂದು ತೋರಿಸುವುದು ಸಮಯ ಮತ್ತು ಹೆಸರು. 10:54ರ ₹300 ಮತ್ತು 12:19ರ ₹150 ಬೇರೆ ಬೇರೆ ಹೆಸರಿನವು, ಎರಡೂ 1:35ರ ಬಿಲ್‌ಗಿಂತ ಮುಂಚಿನವು. ಕೂಡಿಸಿದರೆ ಮೊತ್ತ ಸರಿಹೋಗುತ್ತದೆ ಎಂಬುದೊಂದನ್ನೇ ಹಿಡಿದು ಗ್ರಾಹಕರಿಗೆ ಫೋನ್ ಮಾಡಿದರೆ, ದುಡ್ಡು ಕೊಟ್ಟವರನ್ನು ಕೊಟ್ಟಿಲ್ಲ ಎಂದಂತಾಗುತ್ತದೆ. ಸಮಯವೋ ಹೆಸರೋ ಬೆಂಬಲಿಸದ ಜೋಡಿಯನ್ನು ಜೋಡಿಸದೆ, ಬಾಕಿ ಎಂದೇ ಬರೆದಿಡಿ.

"ದುಡ್ಡು ಕಟ್ ಆಗಿದೆ ಅಣ್ಣಾ, ನೋಡಿ"

1:35ರ ಗ್ರಾಹಕರನ್ನು ಕೇಳಿದಾಗ ಅವರು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅದು ಬೇಡ. ತಿದ್ದಿದ ಸ್ಕ್ರೀನ್‌ಶಾಟ್, ಪಾವತಿಯಂತೆ ನಟಿಸುವ ನಕಲಿ ಆ್ಯಪ್ ಎರಡೂ ಚಾಲ್ತಿಯಲ್ಲಿವೆ. ಪ್ರಾಮಾಣಿಕರು ಕಳಿಸಿದ ಚಿತ್ರದಲ್ಲೂ "ಪ್ರಕ್ರಿಯೆಯಲ್ಲಿದೆ" ಎಂದಿರುವುದನ್ನು ಅವಸರದಲ್ಲಿ ಯಾರೂ ಓದಿರುವುದಿಲ್ಲ. ಕೇಳಬೇಕಾದ್ದು 12 ಅಂಕಿಯ ಸಂಖ್ಯೆಯನ್ನು. ಒಂದೊಂದು ಆ್ಯಪ್ ಅದಕ್ಕೆ ಒಂದೊಂದು ಹೆಸರಿಟ್ಟಿದೆ. ಫೋನ್‌ಪೇಯಲ್ಲಿ `UTR` ಎಂಬುದನ್ನು ನೋಡಬೇಕು, ಅಲ್ಲಿ `T` ಅಕ್ಷರದಿಂದ ಶುರುವಾಗುವ ಉದ್ದನೆಯ ಸಂಖ್ಯೆ ಆ ಆ್ಯಪ್‌ನ ಒಳಗಿನದು, ನಿಮಗೆ ಉಪಯೋಗಕ್ಕೆ ಬರದು. ಗೂಗಲ್ ಪೇಯಲ್ಲಿ `UPI transaction ID` ಬೇಕು, `Google transaction ID` ಬೇಡ. ಪೇಟಿಎಂನಲ್ಲಿ `UPI Ref No`. "ಅಕ್ಷರ ಇಲ್ಲದ ಹನ್ನೆರಡು ಅಂಕಿ ಹೇಳಿ" ಎಂದರೆ ಎಲ್ಲ ಆ್ಯಪ್‌ನವರಿಗೂ ಅರ್ಥವಾಗುತ್ತದೆ.

ಆ ಸಂಖ್ಯೆ ನಿಮ್ಮ ವರದಿಯಲ್ಲಿ ಇದ್ದರೆ ದುಡ್ಡು ಬಂದಿದೆ, ನೀವು ಬೇರೊಬ್ಬರ ಎದುರು ಜೋಡಿಸಿದ್ದೀರಿ. ಇಲ್ಲದಿದ್ದರೆ ಗ್ರಾಹಕರ ಖಾತೆಯಿಂದ ಕಡಿತವಾಗಿದ್ದರೂ ನಿಮ್ಮನ್ನು ತಲುಪಿಲ್ಲ. ರಿಸರ್ವ್ ಬ್ಯಾಂಕ್ 2019ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಖಾತೆಯಿಂದ ಕಡಿತವಾಗಿ ವ್ಯಾಪಾರಿಗೆ ದೃಢೀಕರಣ ತಲುಪದ ಪಾವತಿಯನ್ನು ವಹಿವಾಟು ನಡೆದ ದಿನದ ನಂತರ 5 ದಿನದೊಳಗೆ ತಾನಾಗಿಯೇ ಗ್ರಾಹಕರಿಗೆ ಹಿಂತಿರುಗಿಸಬೇಕು. ತಡವಾದರೆ ದಿನಕ್ಕೆ ₹100ರಂತೆ ಪರಿಹಾರವನ್ನೂ ಕೊಡಬೇಕು. ಸ್ವಂತ ಖಾತೆಯ ಫಲಕಕ್ಕೆ ಕಳಿಸಿದ್ದಾದರೆ, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ ಹೋದ ಪಾವತಿಯಾದರೆ, ಗಡುವು ಮರುದಿನದವರೆಗೆ ಮಾತ್ರ. ಆದ್ದರಿಂದ ಇಂಥ ಬಿಲ್‌ನ ಮೇಲೆ 12 ಅಂಕಿ ಬರೆದು ಐದು ದಿನ ಬಾಕಿ ಪುಟದಲ್ಲಿಡಿ. ಗ್ರಾಹಕರಿಗೆ ಕಡಿತ ಆಗಿದೆಯೋ ಇಲ್ಲವೋ, ವಾಪಸ್ ಬಂದಿದೆಯೋ ಎಂದು ಹೇಳಬಲ್ಲದ್ದು ಅವರ ಬ್ಯಾಂಕ್ ಮಾತ್ರ, ಆ ದೂರನ್ನು ಅವರ ಆ್ಯಪ್ ಅಥವಾ ಬ್ಯಾಂಕಿನ ಮೂಲಕ ಅವರೇ ಕೊಡಬೇಕು. ಹೋಳಿಗೆ ಅಂಗಡಿಯ ಈ ಪಾವತಿ ವಿಫಲವಾಗಿತ್ತು, ಗ್ರಾಹಕರು ತಮ್ಮ ಖಾತೆ ನೋಡಿಕೊಂಡು ಮತ್ತೆ ₹500 ಹಾಕಿದರು. ಹೀಗೆ ಮರುದಿನ ಬಂದ ದುಡ್ಡು ಮರುದಿನದ ವರದಿಯಲ್ಲಿ ಬಿಲ್ ಇಲ್ಲದ ಪಾವತಿಯಾಗಿ ಕಾಣುತ್ತದೆ. ಹಳೆಯ ಬಿಲ್ ನಂಬರನ್ನು ಅಂದೇ ಅದರ ಎದುರು ಬರೆಯದಿದ್ದರೆ ಒಂದು ದೋಷ ಎರಡು ದಿನದ ದೋಷವಾಗುತ್ತದೆ.

ವರದಿಯಿಂದ ಬ್ಯಾಂಕಿಗೆ

ಪಾವತಿ ಕಂಪನಿಯ ಫಲಕವಾದರೆ ಪಾಸ್‌ಬುಕ್‌ನಲ್ಲಿ 46 ಸಾಲು ಕಾಣುವುದಿಲ್ಲ. ಒಟ್ಟು ಮೊತ್ತ ಒಂದೋ ಎರಡೋ ಕಂತಿನಲ್ಲಿ ಜಮೆಯಾಗುತ್ತದೆ. ಆ ಜಮೆಗೂ ಒಂದು ಯುಟಿಆರ್ ಇರುತ್ತದೆ, ಅದು ಕಂಪನಿಯಿಂದ ನಿಮ್ಮ ಬ್ಯಾಂಕಿಗೆ ನಡೆದ ವರ್ಗಾವಣೆಯದ್ದು. ಗ್ರಾಹಕರು ಕೊಟ್ಟ 12 ಅಂಕಿಯನ್ನು ಪಾಸ್‌ಬುಕ್‌ನಲ್ಲಿ ಹುಡುಕಿ "ಬಂದೇ ಇಲ್ಲ" ಎಂದು ತೀರ್ಮಾನಿಸುವವರು ಎಡವುವುದು ಇಲ್ಲೇ. ಗ್ರಾಹಕರ ಸಂಖ್ಯೆಯನ್ನು ಆ್ಯಪ್ ವರದಿಯಲ್ಲಿ ಹುಡುಕಬೇಕು. ಕಂಪನಿ ಕೊಡುವ ಸೆಟಲ್‌ಮೆಂಟ್ ವರದಿಯಲ್ಲಿ ಯಾವ ಪಾವತಿ ಯಾವ ಜಮೆಯಲ್ಲಿ ಸೇರಿದೆ ಎಂದಿರುತ್ತದೆ, ಎರಡಕ್ಕೂ ನಡುವಿನ ಕೊಂಡಿ ಅದೇ.

ಹೋಳಿಗೆ ಅಂಗಡಿಗೆ ಮರುದಿನ ಬಿದ್ದದ್ದು ₹20,950 ಅಲ್ಲ, ₹20,891. ₹59 ಎಲ್ಲಿ ಹೋಯಿತು? ಬ್ಯಾಂಕ್ ಖಾತೆಯಿಂದ ನೇರ ಬರುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕ ಇಲ್ಲ. ಆದರೆ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕೊಟ್ಟರೆ ಶುಲ್ಕ ಬೀಳಬಹುದು, ಸಣ್ಣ ವ್ಯಾಪಾರಿಗಳಿಗೆ ₹2,000ದವರೆಗೆ ವಿನಾಯಿತಿ ಇದೆ. ಆ ದಿನ ನೂರು ಹೋಳಿಗೆ ಒಯ್ದವರ ₹2,500 ಹಾಗೆ ಬಂದದ್ದು. ಒಪ್ಪಂದದ ದರ 2% ಎಂದಿಟ್ಟುಕೊಂಡರೆ ₹50, ಅದರ ಮೇಲೆ 18% ಜಿಎಸ್‌ಟಿ ₹9. ವ್ಯತ್ಯಾಸ ಸಣ್ಣದಾಗಿದ್ದು ದೊಡ್ಡ ಮೊತ್ತದ ಪಾವತಿ ಬಂದ ದಿನಗಳಲ್ಲೇ ಕಾಣಿಸಿಕೊಳ್ಳುತ್ತಿದ್ದರೆ ಮೊದಲು ಇದನ್ನು ನೋಡಿ. ಇದನ್ನು ಬಿಲ್‌ನಲ್ಲಿ ಕಳೆಯಬೇಡಿ. ಗ್ರಾಹಕರು ಪೂರ್ತಿ ₹2,500 ಕೊಟ್ಟಿದ್ದಾರೆ, ₹59 ಅಂಗಡಿಯ ಖರ್ಚು.

ವ್ಯತ್ಯಾಸ ದೊಡ್ಡದಾಗಿದ್ದು ಮರುದಿನ ಅಷ್ಟೇ ಮೊತ್ತ ಹೆಚ್ಚಾಗಿ ಬರುತ್ತಿದ್ದರೆ ಅದು ದಿನ ಕತ್ತರಿಸುವ ಹೊತ್ತಿನ ದೋಷ. ನಿಮ್ಮ ದಿನ ಮುಗಿಯುವುದು ಬಾಗಿಲು ಹಾಕಿದಾಗ, ಸೆಟಲ್‌ಮೆಂಟ್‌ನ ದಿನ ಮುಗಿಯುವುದು ಕಂಪನಿಯ ಗಡುವಿಗೆ. ಗಡುವಿನ ಗಂಟೆಯನ್ನು ಸೆಟಲ್‌ಮೆಂಟ್ ವರದಿಯ ಕೊನೆಯ ಪಾವತಿಯ ಸಮಯದಿಂದ ತಿಳಿದುಕೊಂಡು, ಬ್ಯಾಂಕ್ ತಾಳೆಯನ್ನು ಮಾತ್ರ ಆ ಗಂಟೆಯಿಂದ ಆ ಗಂಟೆಗೆ ಮಾಡಿ.

ಮತ್ತೆ ಆಗದಂತೆ

ಖರ್ಚಿಲ್ಲದ ಮದ್ದು ಪೆನ್ನು. ಸೌಂಡ್‌ಬಾಕ್ಸ್ ಕೂಗಿದ ಕ್ಷಣ ಬಿಲ್ ಮೇಲೆ ಕೇಳಿಸಿದ ಮೊತ್ತವನ್ನೂ ಗಂಟೆ ನಿಮಿಷವನ್ನೂ ಬರೆಯುವುದು. ಮೊತ್ತ ಬರೆಯಬೇಕೆಂದರೆ ಕೇಳಿಸಿಕೊಳ್ಳಲೇಬೇಕಾದ್ದರಿಂದ ₹350ಕ್ಕೆ ₹300 ಬಂದದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಎರಡನೆಯದು ಪ್ರತಿ ಬಿಲ್‌ಗೂ ಹೊಸ ಕ್ಯೂಆರ್. ಬಿಲ್ಲಿಂಗ್ ಯಂತ್ರ ಅಥವಾ ಪಾವತಿ ಕಂಪನಿಯ ಸಾಧನ ಇದನ್ನು ಕೊಡುತ್ತದೆ, ಒಳಗಿನ ಬರಹ ಹೀಗಿರುತ್ತದೆ:

```
upi://pay?pa=angadi@bank&pn=Holige%20Angadi&tr=H0046&am=350.00&cu=INR&tn=H0046
```

`am` ಮೊತ್ತವನ್ನು ತುಂಬಿಕೊಡುವುದರಿಂದ ಗ್ರಾಹಕರು ಒತ್ತುವ ತಪ್ಪು ಇಲ್ಲವಾಗುತ್ತದೆ. `tr` ನಿಮ್ಮ ಬಿಲ್ ನಂಬರ್, 35 ಅಕ್ಷರ ಮೀರಬಾರದು, ಒಂದು ಸಲ ಬಳಸಿದ್ದನ್ನು ಮತ್ತೆ ಬಳಸಬಾರದು. `tn` ಎಂದರೆ ಟಿಪ್ಪಣಿ. ಗ್ರಾಹಕರು ತಿದ್ದಬಹುದಾದ ಜಾಗ ಅದು, ತಾಳೆಗೆ ಅದನ್ನೇ ನೆಚ್ಚಿಕೊಳ್ಳಬೇಡಿ. ಸಾಧನ ಕೊಳ್ಳುವ ಮೊದಲು ಒಂದು ರೂಪಾಯಿಯ ಬಿಲ್ ಮಾಡಿ ಎರಡು ಬೇರೆ ಬೇರೆ ಆ್ಯಪ್‌ಗಳಿಂದ ಕಟ್ಟಿ, ವರದಿ ಇಳಿಸಿ ನೋಡಿ. `tr`ನಲ್ಲಿ ಹಾಕಿದ ನಂಬರ್ ವರದಿಯ ಯಾವುದಾದರೂ ಕಾಲಂನಲ್ಲಿ ಹಾಗೆಯೇ ಮರಳಿ ಬಂದಿದ್ದರೆ ಮಾತ್ರ ಅದು ತಾಳೆಗೆ ಕೆಲಸಕ್ಕೆ ಬರುತ್ತದೆ. ಪರದೆಯ ಮೇಲೆ ನಂಬರ್ ಚೆನ್ನಾಗಿ ಕಂಡು ವರದಿಯಲ್ಲಿ ಬಾರದಿದ್ದರೆ ಮೊತ್ತ ತಪ್ಪುವುದೊಂದು ನಿಲ್ಲುತ್ತದೆ, ಜೋಡಿಸುವ ಕೆಲಸ ಹಾಗೇ ಉಳಿಯುತ್ತದೆ.

ಸಾಧನ ಬೇಡ ಎನ್ನುವವರು ಫೋನ್ ಆರ್ಡರ್‌ಗಳಿಗೆ ಪೈಸೆಯ ಗುರುತು ಹಾಕಬಹುದು. ದಿನದ ಮೊದಲ ಫೋನ್ ಆರ್ಡರ್‌ಗೆ ಒಂದು ಪೈಸೆ, ಎರಡನೆಯದಕ್ಕೆ ಎರಡು ಪೈಸೆ ಎಂದು ಮೊತ್ತದಿಂದ ಕಳೆಯುತ್ತಾ ಹೋಗುವುದು. ಹದಿನೇಳನೆಯ ಆರ್ಡರ್ ₹500ರದ್ದಾದರೆ ವಾಟ್ಸ್‌ಆ್ಯಪ್‌ನಲ್ಲಿ "₹499.83 ಹಾಕಿ" ಎಂದು ಕಳಿಸಿ. 83 ಪೈಸೆಯ ಪಾವತಿ ಎಷ್ಟು ಹೊತ್ತಿಗೆ ಬಂದರೂ, ಯಾರ ಹೆಸರಿನಿಂದ ಬಂದರೂ ಹದಿನೇಳನೆಯದೇ. ಮೊತ್ತಕ್ಕೆ ಕೂಡಿಸದೆ ಕಳೆಯುವುದು ಒಳ್ಳೆಯದು, ಹೆಚ್ಚು ತೆಗೆದುಕೊಂಡರು ಎಂಬ ಮಾತು ಬರುವುದಿಲ್ಲ. ದಿನಕ್ಕೆ 99 ಆರ್ಡರ್‌ವರೆಗೆ ಇದು ನಡೆಯುತ್ತದೆ. ಕೌಂಟರ್‌ನಲ್ಲಿ ಮಾತ್ರ ಇದನ್ನು ಮಾಡಬೇಡಿ, ಸಾಲಿನಲ್ಲಿ ನಿಂತವರು ಪೈಸೆ ಒತ್ತುವುದಿಲ್ಲ, ₹500 ಎಂದೇ ಒತ್ತುತ್ತಾರೆ.